ಡಾಕ್ ಹತ್ತಿರ ಬಂದು ತಡವರಿಸುವ ರೋಬೋಟ್‌ಗೆ ಒಂದು ಸಲಹೆ

ರೋಬೋಟ್ ತಾನೇ ಬಂದು ಚಾರ್ಜ್ ಆಗುವ ಡಾಕ್‌ನಲ್ಲಿ ಎಡಕ್ಕೊಂದು, ಬಲಕ್ಕೊಂದು ಇನ್‌ಫ್ರಾರೆಡ್ ಎಲ್‌ಇಡಿ ಇಟ್ಟು, ಎರಡಕ್ಕೂ ಬೇರೆ ಬೇರೆ ಕೋಡ್ ಕೊಟ್ಟಿರುತ್ತೀರಿ ಅಲ್ವಾ? ಎರಡನ್ನೂ ಒಟ್ಟಿಗೆ ಹೊತ್ತಿಸಬೇಡಿ, ಕೋಡ್ ಕಲಸಿಹೋಗುತ್ತದೆ. ಒಂದಾದ ಮೇಲೆ ಒಂದು ಕಳಿಸಿ. ಎರಡೂ ಕೋಡ್ ಸಿಕ್ಕರೆ ರೋಬೋಟ್ ನಡುಗೆರೆಯಲ್ಲಿದೆ ಎಂದರ್ಥ.

ನನ್ನ ರೋಬೋಟ್ ದೂರದಿಂದ ನೇರವಾಗಿ ಬರುತ್ತಿತ್ತು. ಕೊನೆಯ ಒಂದು ಗೇಣಿನಲ್ಲಿ ಮಾತ್ರ ಓರೆಯಾಗುತ್ತಿತ್ತು. ಕಾರಣ, ರೋಬೋಟ್‌ನಲ್ಲಿ ಆ ಕೋಡ್ ಓದುವ 38 ಕಿಲೋಹರ್ಟ್ಸ್ ರಿಸೀವರ್ ತುಂಬಾ ಸೂಕ್ಷ್ಮ. ಹತ್ತಿರದಲ್ಲಿ ಗೋಡೆಗೆ ಬಡಿದು ಬಂದ ಬೆಳಕೂ ಅದಕ್ಕೆ ಸಾಕು, ಹಾಗಾಗಿ ಎಲ್ಲಿ ನಿಂತರೂ ಎರಡೂ ಕೋಡ್ ಕಾಣುತ್ತವೆ. ಎಲ್‌ಇಡಿಗೆ ದೊಡ್ಡ ರೆಸಿಸ್ಟರ್ ಹಾಕಿ ಬೆಳಕು ತಗ್ಗಿಸಿದೆ, ಎರಡರ ನಡುವೆ ಕಪ್ಪು ತಡಿಕೆ ನಿಲ್ಲಿಸಿದೆ. ಸರಿಹೋಯಿತು.

ಇನ್ನು ಡಾಕ್‌ನ ಚಾರ್ಜಿಂಗ್ ಕಾಂಟ್ಯಾಕ್ಟ್. ವೋಲ್ಟೇಜ್ ಕಂಡ ತಕ್ಷಣ ಮೋಟರ್ ನಿಲ್ಲಿಸಿದರೆ ಸಾಲದು. ಸ್ಪ್ರಿಂಗ್ ತಗಡು ಅರೆಬರೆ ತಾಗಿದ್ದರೂ ವೋಲ್ಟೇಜ್ ಪೂರ್ತಿ ತೋರಿಸುತ್ತದೆ, ಚಾರ್ಜಿಂಗ್ ಶುರುವಾದ ಕೂಡಲೇ ಕುಸಿಯುತ್ತದೆ. ಅದಕ್ಕೇ ಚಾರ್ಜ್ ಕರೆಂಟ್ ಎರಡು ಸೆಕೆಂಡ್ ಸ್ಥಿರವಾಗಿ ಹರಿಯುತ್ತದಾ ನೋಡಿ. ಇಲ್ಲದಿದ್ದರೆ ಎಡಕ್ಕೆ, ಬಲಕ್ಕೆ ಚೂರು ಅಲುಗಾಡಿಸಿ, ತಗಡು ಉಜ್ಜಿಕೊಂಡು ಕೂರುತ್ತದೆ. ಆಗಲೂ ಆಗದಿದ್ದರೆ ಅಲ್ಲೇ ಜಾಸ್ತಿ ತಳ್ಳಬೇಡಿ. ಅರ್ಧ ಮೀಟರ್ ಹಿಂದೆ ಹೋಗಿ ನಡುಗೆರೆಯನ್ನು ಹೊಸದಾಗಿ ಹುಡುಕಲಿ.