ಸೆಲ್ ಸ್ಥಿರಾಂಕ 0.980 ಬಂದಿತ್ತು, ಸರಿಯಾದದ್ದು 1.037

ನಾನು ಕೆಲಸ ಮಾಡುವುದು ಬೋರ್‌ವೆಲ್ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬ್‌ನಲ್ಲಿ. ಒಂದು ಏಪ್ರಿಲ್‌ನಲ್ಲಿ ಒಂದೇ ನೀರನ್ನು ಎರಡು ಬಾಟಲಿಗೆ ತುಂಬಿ, ಒಂದನ್ನು ಬೇರೆ ಲ್ಯಾಬ್‌ಗೆ ಕಳಿಸಿದ್ದೆವು. ಕಂಡಕ್ಟಿವಿಟಿ, ಅಂದರೆ ನೀರು ಎಷ್ಟು ಕರೆಂಟ್ ಹರಿಯಬಿಡುತ್ತದೆ ಅನ್ನುವ ಅಳತೆ, ಅವರಿಗೆ 1910 ಮೈಕ್ರೋಸೀಮೆನ್ಸ್ ಬಂತು, ನಮಗೆ 1804. ಶೇಕಡಾ 6ರಷ್ಟು ಕಮ್ಮಿ. ಅಲ್ಲಿನ ಕೆಮಿಸ್ಟ್ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಮೇಡಂ, ಸೆಲ್ ಸ್ಥಿರಾಂಕ ತೆಗೆದಾಗ ದ್ರಾವಣ ಎಷ್ಟು ಡಿಗ್ರಿ ಇತ್ತು?"

ಸೆಲ್ ಅಂದರೆ ಮೀಟರ್‌ನಲ್ಲಿ ನೀರಿಗೆ ಅದ್ದುವ, ಪ್ಲೇಟುಗಳಿರುವ ಭಾಗ. ಅದರ ರೀಡಿಂಗನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ಸರಿಯಾದ ಕಂಡಕ್ಟಿವಿಟಿ ಸಿಗುತ್ತದೋ ಅದು ಸೆಲ್ ಸ್ಥಿರಾಂಕ. ಕಂಡಕ್ಟಿವಿಟಿ ಮೊದಲೇ ಗೊತ್ತಿರುವ ದ್ರಾವಣದಲ್ಲಿ ಅದನ್ನು ತೆಗೆಯುತ್ತೇವೆ. ಅವತ್ತು ದ್ರಾವಣದ ಶಾಖವನ್ನು ನಾನು ಬರೆದಿಟ್ಟಿದ್ದೆ: 28.0 ಡಿಗ್ರಿ. ಬರೆದಿಟ್ಟಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ದ್ರಾವಣದಲ್ಲಿ ತಪ್ಪಿರಲಿಲ್ಲ. ಪೊಟ್ಯಾಸಿಯಂ ಕ್ಲೋರೈಡನ್ನು 105 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ, ಡೆಸಿಕೇಟರ್‌ನಲ್ಲಿ ಆರಿಸಿ, 0.7456 ಗ್ರಾಂ ತೂಗಿದ್ದೆ. ಅದನ್ನು ಡಿಸ್ಟಿಲ್ಡ್ ನೀರಲ್ಲಿ ಕರಗಿಸಿ ಒಂದು ಲೀಟರ್ ಫ್ಲಾಸ್ಕ್‌ನಲ್ಲಿ ಗೆರೆಯವರೆಗೆ ತುಂಬಿದ್ದೆ. ಇದು 0.01 ಮೋಲಾರ್ ದ್ರಾವಣ. 25 ಡಿಗ್ರಿಯಲ್ಲಿ ಇದರ ಕಂಡಕ್ಟಿವಿಟಿ 1413. ಡಿಸ್ಟಿಲ್ಡ್ ನೀರಿನ ರೀಡಿಂಗ್ ಮೊದಲೇ ನೋಡಿಕೊಳ್ಳಬೇಕು. ಅದೇ 2 ತೋರಿಸಿದರೆ ಅಷ್ಟೂ ಈ 1413ರ ಮೇಲೆ ಬಂದು ಕೂರುತ್ತದೆ.

ಸೆಲ್ಲನ್ನು ಅದೇ ದ್ರಾವಣದಲ್ಲಿ ಮೂರು ಸಲ ತೊಳೆದು, ಮೇಲಿನ ತೂತುಗಳು ಮುಳುಗುವಷ್ಟು ಅದ್ದಿ, ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿದ್ದೆ. ಪ್ಲೇಟುಗಳ ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆ ನಿಂತರೂ ರೀಡಿಂಗ್ ಇಳಿಯುತ್ತದೆ. ಮೀಟರ್‌ನಲ್ಲಿ ಸ್ಥಿರಾಂಕ 1.000 ಇಟ್ಟು, ರೀಡಿಂಗನ್ನು ತಾನಾಗೇ 25 ಡಿಗ್ರಿಗೆ ತಿದ್ದುವ ATC ಆಫ್ ಮಾಡಿದೆ. 1442 ಬಂತು. 1413ನ್ನು 1442ರಿಂದ ಭಾಗಿಸಿದೆ, 0.980. ಸೆಲ್ ಮೇಲಿನ ಚೀಟಿಯಲ್ಲಿ 1.03 ಅಂತಿತ್ತು. ಹಳೇ ಸೆಲ್, ಬದಲಾಗಿರಬಹುದು ಅಂದುಕೊಂಡು ಬಿಟ್ಟೆ.

ತಪ್ಪಾದದ್ದು ಇಲ್ಲೇ. ATC ಆಫ್ ಇದ್ದಾಗ ಮೀಟರ್ ತೋರಿಸುವುದು 28 ಡಿಗ್ರಿಯ ಬೆಲೆ. ನಾನು ಹೋಲಿಸಿದ್ದು 25 ಡಿಗ್ರಿಯ ಬೆಲೆಗೆ. ಪೊಟ್ಯಾಸಿಯಂ ಕ್ಲೋರೈಡ್ ಕೋಷ್ಟಕದಲ್ಲಿ ಇದೇ ದ್ರಾವಣಕ್ಕೆ 28 ಡಿಗ್ರಿಯಲ್ಲಿ 1496 ಇದೆ. ಪ್ರತಿ ಡಿಗ್ರಿಗೂ ಸುಮಾರು ಶೇಕಡಾ 2ರಷ್ಟು ಏರುತ್ತದೆ. ಹಾಗಾಗಿ ಸರಿಯಾದ ಲೆಕ್ಕ ಇದು:

```
K = 1496 / 1442 = 1.037
```

ಚೀಟಿಯ ಬೆಲೆಗೆ ಹತ್ತಿರವೇ ಬಂತು, ಅಲ್ವಾ? ಇನ್ನೊಂದು ದಾರಿಯಲ್ಲೂ ನೋಡಿದೆ. ATC ಆನ್ ಮಾಡಿ, ಗುಣಾಂಕ ಶೇಕಡಾ 2 ಇಟ್ಟರೆ ಅದೇ ದ್ರಾವಣ 1360 ತೋರಿಸಿತು. ಈಗ 1413ಕ್ಕೇ ಹೋಲಿಸಬೇಕು, ಏಕೆಂದರೆ ಮೀಟರ್ ಆಗಲೇ 25 ಡಿಗ್ರಿಗೆ ತಿದ್ದಿಕೊಂಡಿದೆ. 1.039 ಬಂತು. ಎರಡು ದಾರಿಯಲ್ಲಿ ಯಾವುದಾದರೂ ಆಗುತ್ತದೆ, ಎರಡನ್ನು ಬೆರೆಸಬಾರದು. ನನಗೆ ATC ಆಫ್ ಮಾಡಿ ಕೋಷ್ಟಕ ನೋಡುವುದೇ ಇಷ್ಟ. ಅಲ್ಲಿ ಮೀಟರ್‌ನ ತಿದ್ದುಪಡಿ ನಡುವೆ ಬರುವುದಿಲ್ಲ.

ನನಗೆ ತುಂಬಾ ಕಾಡಿದ್ದು ಬೇರೆ ವಿಷಯ. ಅವತ್ತು ನಾನು ಎರಡನೇ ದ್ರಾವಣದಲ್ಲೂ ಪರೀಕ್ಷೆ ಮಾಡಿದ್ದೆ. 0.1 ಮೋಲಾರ್, 25 ಡಿಗ್ರಿಯಲ್ಲಿ 12.88 ಮಿಲಿಸೀಮೆನ್ಸ್. ತಪ್ಪು ಸ್ಥಿರಾಂಕ ಇಟ್ಟುಕೊಂಡೂ 12.9ರ ಹತ್ತಿರ ಬಂದು, ಎಲ್ಲಾ ಸರಿ ಅನ್ನಿಸಿತ್ತು. ಅದೂ 28 ಡಿಗ್ರಿಯಲ್ಲೇ ಇತ್ತು, ATC ಆಗಲೂ ಆಫ್. ಎರಡೂ ದ್ರಾವಣ ಶಾಖಕ್ಕೆ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಏರುತ್ತವೆ, ಹಾಗಾಗಿ ತಪ್ಪು ಮುಚ್ಚಿಹೋಯಿತು. ಎರಡನೇ ದ್ರಾವಣ ಬೇರೆ ದೋಷ ಹಿಡಿಯಲು ಒಳ್ಳೆಯದು. 0.01 ಸರಿ ಬಂದು 0.1 ಮಾತ್ರ ಕಮ್ಮಿ ಬಂದರೆ, ಪ್ಲೇಟಿನ ಕಪ್ಪು ಲೇಪ ಹಾಳಾಗಿರುವ ಸಾಧ್ಯತೆ ಜಾಸ್ತಿ. ಶಾಖದ ತಪ್ಪು ಅದರಿಂದ ಸಿಗುವುದಿಲ್ಲ.

ಈಗ ಸ್ಥಿರಾಂಕ ಹಾಕಿದ ಮೇಲೆ ATC ಆನ್ ಮಾಡಿ, ಅದೇ 0.01 ದ್ರಾವಣವನ್ನು ಸ್ಯಾಂಪಲ್ ಥರ ಓದುತ್ತೇನೆ. 1413ರ ಆಸುಪಾಸು ಬರಲೇಬೇಕು. ಅವತ್ತು ಹೀಗೆ ಮಾಡಿದ್ದರೆ 1333 ಬಂದು ಆಗಲೇ ಗೊತ್ತಾಗುತ್ತಿತ್ತು. ಮೀಟರ್‌ನ ಶಾಖದ ಸೆನ್ಸರನ್ನೂ ಪಾದರಸದ ಥರ್ಮಾಮೀಟರ್ ಜೊತೆ ಒಂದೇ ಬೀಕರ್‌ನಲ್ಲಿ ಇಟ್ಟು ನೋಡುತ್ತೇನೆ. ಅದು ಒಂದು ಡಿಗ್ರಿ ಸುಳ್ಳು ಹೇಳಿದರೆ ಶೇಕಡಾ 2 ಹೋಯಿತು. ಬೀಕರನ್ನು ನೀರಿನ ಟಬ್‌ನಲ್ಲಿಟ್ಟು, ಎರಡೂ ಒಂದೇ ಕಡೆ ನಿಲ್ಲುವವರೆಗೆ ಕಾಯುತ್ತೇನೆ.

ಅಷ್ಟರಲ್ಲಿ ಹಳೇ ಸ್ಥಿರಾಂಕದಲ್ಲೇ ಹನ್ನೊಂದು ಸ್ಯಾಂಪಲ್‌ಗಳ ರಿಪೋರ್ಟ್ ಹೊರಗೆ ಹೋಗಿತ್ತು. ಸ್ಥಿರಾಂಕದ ತಪ್ಪು ಎಲ್ಲ ರೀಡಿಂಗ್‌ಗೂ ಒಂದೇ ಪಾಲಿನಲ್ಲಿ ಬೀಳುತ್ತದೆ. ಹಾಗಾಗಿ ರಿಜಿಸ್ಟರ್ ತೆಗೆದು, ಪ್ರತಿಯೊಂದನ್ನೂ 1.037ನ್ನು 0.980ರಿಂದ ಭಾಗಿಸಿದಾಗ ಬರುವ 1.058ರಿಂದ ಗುಣಿಸಿ, ಹನ್ನೊಂದು ಮನೆಯವರಿಗೂ ತಿದ್ದಿದ ರಿಪೋರ್ಟ್ ಕಳಿಸಿದೆ.