ಕಂಪನಿ ಮುಖ್ಯಸ್ಥರಿಗೆ ನಾವು ಬರೆದ ಮೇಲ್: ಅಡಿಕೆ ಕೊಯ್ಲು ಒಂದು ಲೆಕ್ಕ, ಮಾರ್ಚ್ 31 ಇನ್ನೊಂದು ಲೆಕ್ಕ

ಸಾಗರ ತಾಲ್ಲೂಕಿನಲ್ಲಿ ಹಳ್ಳಿ ಹುಡುಗರಿಗೆ ಕೆಲಸ ಕಲಿಸುವ ಸಣ್ಣ ಟ್ರಸ್ಟ್ ನಮ್ಮದು. ಅಡಿಕೆ ತೋಟದಲ್ಲಿ ನೆಲದ ಮೇಲೆ ನಿಂತೇ ಉದ್ದನೆಯ ಫೈಬರ್ ದೋಟಿಯಿಂದ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವುದು, ಅದೇ ದೋಟಿಯಿಂದ ಕೊಳೆ ರೋಗಕ್ಕೆ ಮದ್ದು ಹೊಡೆಯುವುದು ಕಲಿಸುತ್ತೇವೆ. ಮರ ಹತ್ತುವ ಕೊನೆಗೌಡರು ಸಿಗುವುದೇ ಕಷ್ಟವಾಗಿದೆ, ಹೊಸಬರು ಆ ಕೆಲಸಕ್ಕೆ ಬರುತ್ತಿಲ್ಲ, ಹಾಗಾಗಿ ದೋಟಿ ಹಿಡಿಯಲು ಬಲ್ಲವನಿಗೆ ಸೀಸನ್‌ನಲ್ಲಿ ಕೆಲಸಕ್ಕೆ ಬರವಿಲ್ಲ. ಈ ತರಬೇತಿಗೆ ಸಿ.ಎಸ್.ಆರ್. ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ, ಕೇಳಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಮುಖ್ಯಸ್ಥರಿಗೆ ಮೇಲ್ ಬರೆದೆವು. ಅದನ್ನು ಹೇಗೆ ಬರೆದೆವು ಅಂತ ಕೆಲವು ಸಂಸ್ಥೆಯವರು ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಮುಖ್ಯಸ್ಥರಿಗೇ ಯಾಕೆ ಬರೆದೆವು ಅನ್ನೋದು. ಕಂಪನಿ ಕಾಯ್ದೆ 2013ರ ಸೆಕ್ಷನ್ 135ರ ಪ್ರಕಾರ ಹಿಂದಿನ ವರ್ಷ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿ ಕೂಡ ಸಿ.ಎಸ್.ಆರ್. ವ್ಯಾಪ್ತಿಗೆ ಬರುತ್ತದೆ. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಖರ್ಚು ಮಾಡಬೇಕು. ನಾವು ಹುಡುಕಿದ ಕಂಪನಿಯ ಸರಾಸರಿ ಸುಮಾರು 8 ಕೋಟಿ, ಅಂದರೆ ವರ್ಷಕ್ಕೆ 16 ಲಕ್ಷ. ಈ ಮೊತ್ತ 50 ಲಕ್ಷ ದಾಟದಿದ್ದರೆ ಪ್ರತ್ಯೇಕ ಸಿ.ಎಸ್.ಆರ್. ಸಮಿತಿ ಬೇಕಿಲ್ಲ, ಆಡಳಿತ ಮಂಡಳಿಯೇ ತೀರ್ಮಾನ ಮಾಡಬಹುದು. ಇಂಥ ಕಂಪನಿಯಲ್ಲಿ ಸಿ.ಎಸ್.ಆರ್. ಮ್ಯಾನೇಜರ್ ಅಂತ ಯಾರೂ ಇರುವುದಿಲ್ಲ, ಮೇಲ್ ಓದುವವರು ಮುಖ್ಯಸ್ಥರು, ಅದನ್ನು ಅವರು ಕಳಿಸುವುದು ಲೆಕ್ಕಪತ್ರದವರಿಗೆ. ಹಾಗಾಗಿ ಲೆಕ್ಕದವರು ಏಳಿಸುವ ಪ್ರಶ್ನೆಗೆ ಮೇಲ್‌ನಲ್ಲೇ ಉತ್ತರ ಇರಬೇಕು. ಯಾವ ಕಂಪನಿ ಎಲ್ಲಿ ಎಷ್ಟು ಖರ್ಚು ಮಾಡಿದೆ ಅನ್ನೋದು csr.gov.in ನಲ್ಲಿ ಸಿಗುತ್ತದೆ, ಬರೆಯುವ ಮೊದಲು ನೋಡಿಕೊಳ್ಳಿ.

ನಮ್ಮ ಕೆಲಸದಲ್ಲಿ ನಿಜವಾದ ತೊಡಕು ಇದ್ದದ್ದು ತಿಂಗಳುಗಳಲ್ಲಿ. ಕೊಯ್ಲು ಕಲಿಸಲು ಮರದಲ್ಲಿ ಕೊನೆ ಇರಬೇಕು, ನಮ್ಮ ಕಡೆ ಫೆಬ್ರವರಿ ಹೊತ್ತಿಗೆ ಅದು ಮುಗಿಯುತ್ತಾ ಬರುತ್ತದೆ. ಮದ್ದು ಹೊಡೆಯುವುದನ್ನು ಕಲಿಸುವುದು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು. ಇವೆರಡರ ಮಧ್ಯೆ ಮಾರ್ಚ್ 31 ಬಂದು ಕೂರುತ್ತದೆ. ಕಂಪನಿಯವರಿಗೆ ಮಾರ್ಚ್ ಒಳಗೆ ಖರ್ಚು ತೋರಿಸಬೇಕು, ನಮಗೆ ಮೇ ತಿಂಗಳಲ್ಲಿ ಹಣ ಬೇಕು.

ಪೂರ್ತಿ ಹಣ ಮಾರ್ಚ್‌ನಲ್ಲೇ ನಮ್ಮ ಖಾತೆಗೆ ಹಾಕಿಬಿಟ್ಟರೆ ಆಯ್ತಲ್ವಾ ಅಂತ ಅನಿಸಬಹುದು. ಆಗುವುದಿಲ್ಲ. ಸಂಸ್ಥೆಗೆ ಹಣ ಕೊಟ್ಟ ಮಾತ್ರಕ್ಕೆ ಅದು ಖರ್ಚಾದ ಹಾಗಲ್ಲ, ಸಂಸ್ಥೆ ಅದನ್ನು ಬಳಸಿದಾಗಲೇ ಖರ್ಚು ಅಂತ ಕಂಪನಿ ವ್ಯವಹಾರಗಳ ಸಚಿವಾಲಯ ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ದಾರಿ ಅಂದರೆ ಆಡಳಿತ ಮಂಡಳಿ ಇದನ್ನು ಮುಂದುವರಿಯುವ ಯೋಜನೆ ಅಂತ ಒಪ್ಪಿಕೊಂಡು, ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕುವುದು. ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಆದರೆ 2022ರ ತಿದ್ದುಪಡಿಯ ನಂತರ ಆ ಖಾತೆಯಲ್ಲಿ ಹಣ ಇದ್ದರೆ ಸಣ್ಣ ಕಂಪನಿ ಕೂಡ ಸಿ.ಎಸ್.ಆರ್. ಸಮಿತಿ ಮಾಡಲೇಬೇಕು. ನಮ್ಮ ಮೇ ತಿಂಗಳ ತರಬೇತಿಯ ಎರಡು ಲಕ್ಷಕ್ಕಾಗಿ ಸಮಿತಿ ಮಾಡಿ ಅಂದರೆ ಯಾರಿಗೆ ತಾನೇ ಉತ್ಸಾಹ ಬರುತ್ತದೆ?

ನಮ್ಮ ಆಡಿಟರ್ ಜೊತೆ ಕೂತು ಇದನ್ನೆಲ್ಲ ಮಾತಾಡಿದ ಮೇಲೆ ಕೆಲಸವನ್ನೇ ಎರಡು ಭಾಗ ಮಾಡಿದೆವು. ಮಾರ್ಚ್ ಒಳಗೆ ಪೂರ್ತಿ ಮುಗಿಯುವ ಕೊಯ್ಲಿನ ತರಬೇತಿ ಈ ವರ್ಷದ ಲೆಕ್ಕಕ್ಕೆ, ಮದ್ದಿನ ತರಬೇತಿ ಮುಂದಿನ ವರ್ಷದ ಲೆಕ್ಕಕ್ಕೆ. ಎರಡನೆಯದಕ್ಕೆ ಅವರು ಒಪ್ಪದಿದ್ದರೂ ಮೊದಲನೆಯದು ಅರ್ಧಕ್ಕೆ ನಿಲ್ಲಬಾರದು, ಅದನ್ನು ಕಲಿತ ಹುಡುಗ ಮುಂದಿನ ಕೊಯ್ಲಿಗೆ ಕೆಲಸಕ್ಕೆ ಹೋಗುವಂತಿರಬೇಕು. ಮೇಲ್ ಕನ್ನಡದಲ್ಲೇ ಬರೆದೆವು, ಯಾಕೆಂದರೆ ಅವರು ಇಲ್ಲಿಯವರೇ. ಬಜೆಟ್ ಮತ್ತು ದಾಖಲೆ ಮಾತ್ರ ಇಂಗ್ಲಿಷ್‌ನಲ್ಲಿ ಲಗತ್ತಿಸಿದೆವು. ಡಿಸೆಂಬರ್ ಮೊದಲ ವಾರ ಕಳಿಸಿದ್ದು ಹೀಗಿತ್ತು:

"ವಿಷಯ: ಸಾಗರದ 40 ಯುವಕರಿಗೆ ದೋಟಿ ಕೊಯ್ಲಿನ ತರಬೇತಿ, ₹2.8 ಲಕ್ಷ, ಮಾರ್ಚ್ 15ರೊಳಗೆ ಪೂರ್ಣ

ಮಾನ್ಯರೇ, ನಮಸ್ಕಾರ. ನಿಮ್ಮ ಕಾರ್ಖಾನೆ ಇರುವ ಜಿಲ್ಲೆಯಲ್ಲೇ, ಅಡಿಕೆ ತೋಟದ ಕೆಲಸವನ್ನು ನಂಬಿರುವ 40 ಯುವಕರಿಗೆ ಫೈಬರ್ ದೋಟಿಯಿಂದ ಕೊನೆ ಇಳಿಸುವ ತರಬೇತಿಗೆ ನಿಮ್ಮ ಸಹಭಾಗಿತ್ವ ಕೋರುತ್ತೇವೆ. ಫೆಬ್ರವರಿಯಲ್ಲಿ ಎರಡು ತಂಡ, ಪ್ರತಿ ತಂಡಕ್ಕೆ ಆರು ದಿನ. ಖರ್ಚು ಒಬ್ಬರಿಗೆ ₹7,000. ಮಾರ್ಚ್ 31ರ ಮೊದಲು ಪೂರ್ತಿ ಹಣ ಬಳಸಿ, ಬಿಲ್‌ಗಳ ಸಮೇತ ಬಳಕೆ ಪ್ರಮಾಣಪತ್ರ ಕೊಡುತ್ತೇವೆ. ಮೇ ತಿಂಗಳಲ್ಲಿ ಇದೇ ಯುವಕರಿಗೆ ಮದ್ದು ಸಿಂಪಡಣೆಯ ತರಬೇತಿ ಇದೆ, ಅದಕ್ಕೆ ₹2 ಲಕ್ಷ. ಅದನ್ನು ಏಪ್ರಿಲ್ ನಂತರ, ಹೊಸ ವರ್ಷದ ಬಜೆಟ್‌ನಲ್ಲಿ ನೀವು ಪ್ರತ್ಯೇಕವಾಗಿ ಪರಿಶೀಲಿಸಬಹುದು. ನಮ್ಮ ಸಿ.ಎಸ್.ಆರ್.-1 ನೋಂದಣಿ ಸಂಖ್ಯೆ, 12ಎ, 80ಜಿ ಮತ್ತು ಮೂರು ವರ್ಷದ ಆಡಿಟ್ ವರದಿ ಲಗತ್ತಿಸಿದ್ದೇವೆ. ಸದ್ಯ ಹೊಸಗುಂದ ಕಡೆಯ ಒಂದು ತೋಟದಲ್ಲಿ ನಮ್ಮ ಹಳೇ ತಂಡ ಕೊಯ್ಲು ಮಾಡುತ್ತಿದೆ, ನೀವು ಬಂದು ನೋಡಬಹುದು."

ಇಷ್ಟೇ. ನಮ್ಮ ಸಂಸ್ಥೆ ಹುಟ್ಟಿದ ಕಥೆ ಹಾಕಲಿಲ್ಲ. ಟೀ ಶರ್ಟ್ ಮೇಲೆ, ಬ್ಯಾನರ್ ಮೇಲೆ ಕಂಪನಿಯ ಲೋಗೋ ಹಾಕಿ ಪ್ರಚಾರ ಕೊಡುತ್ತೇವೆ ಅಂತಲೂ ಬರೆಯಲಿಲ್ಲ. ಪ್ರಚಾರದ ಲಾಭಕ್ಕೆ ಮಾಡುವ ಪ್ರಾಯೋಜಕತ್ವ ಸಿ.ಎಸ್.ಆರ್. ಲೆಕ್ಕಕ್ಕೆ ಸೇರುವುದಿಲ್ಲ, ಅಂಥ ಸಾಲು ಕಂಡರೆ ಲೆಕ್ಕದವರು ಹಿಂಜರಿಯುತ್ತಾರೆ.

ಅವರಿಂದ ಫೋನ್ ಬಂತು. ದೋಟಿ ಆಮೇಲೆ ಯಾರ ಹೆಸರಲ್ಲಿ ಇರುತ್ತದೆ ಅಂತ ಮೊದಲು ಕೇಳಿದರು. ಒಳ್ಳೆಯ ಪ್ರಶ್ನೆ, ಯಾಕೆಂದರೆ ಬಜೆಟ್‌ನಲ್ಲಿ ಅದೇ ದೊಡ್ಡ ಬಾಬತ್ತು. ಸಿ.ಎಸ್.ಆರ್. ಹಣದಲ್ಲಿ ಕೊಂಡ ಆಸ್ತಿ ಕಂಪನಿಯ ಹೆಸರಲ್ಲಿ ಇರುವಂತಿಲ್ಲ. ನೋಂದಾಯಿತ ಟ್ರಸ್ಟ್, ಫಲಾನುಭವಿಗಳ ಸಂಘ, ಇಲ್ಲವೇ ಸರ್ಕಾರಿ ಸಂಸ್ಥೆಯ ಹೆಸರಲ್ಲಿ ಇರಬೇಕು. ಕಲಿತ ಹುಡುಗರ ಸಂಘಕ್ಕೇ ಕೊಡುತ್ತೇವೆ, ದುರಸ್ತಿಯೂ ಅವರದೇ ಅಂದೆವು.

ಆಮೇಲೆ ಬಜೆಟ್‌ನಲ್ಲಿ ವಿಮೆ ಯಾಕೆ, ಮರ ಹತ್ತುವುದೇ ಇಲ್ಲವಲ್ಲ ಅಂದರು. ನಮ್ಮ ದೋಟಿ ಕಾರ್ಬನ್ ಫೈಬರ್‌ನದು, ಅದರಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಅಂಚಿನಲ್ಲಿ ತಂತಿ ಹಾದು ಹೋಗಿದ್ದರೆ, ಎತ್ತಿದ ದೋಟಿ ಗಾಳಿಗೆ ಬಾಗಿ ಅದಕ್ಕೆ ತಾಗಿದರೆ, ಹಿಡಿದವನ ಜೀವಕ್ಕೇ ಅಪಾಯ. ತರಬೇತಿಯ ಮೊದಲ ದಿನ ನಾವು ಕೊನೆ ಮುಟ್ಟಿಸುವುದಿಲ್ಲ, ತಂತಿ ನೋಡುವುದು, ದೂರ ಅಳೆಯುವುದು, ದೋಟಿ ನೆಟ್ಟಗೆ ಎತ್ತಿ ಇಳಿಸುವುದು ಅಷ್ಟೇ ಕಲಿಸುತ್ತೇವೆ. ಇದನ್ನು ಹೇಳಿದ ಮೇಲೆ ಅವರು ವಿಮೆಯ ಮಾತು ಮತ್ತೆ ಎತ್ತಲಿಲ್ಲ. ಕಾರ್ಖಾನೆ ನಡೆಸುವವರಿಗೆ ಸುರಕ್ಷತೆಯ ಮಾತು ಬೇಗ ಅರ್ಥವಾಗುತ್ತದೆ.

ಕೊನೆಗೆ ಅವರೇ ಒಂದು ಮಾತು ಕೇಳಿದರು. ಇದೇ ಹಣದಲ್ಲಿ ಹತ್ತು ಹುಡುಗರಿಗೆ ವೆಲ್ಡಿಂಗ್ ಕಲಿಸಿ ಕೊಡ್ತೀರಾ, ನಮ್ಮಲ್ಲೇ ಕೆಲಸಕ್ಕೆ ತಗೋತೀವಿ ಅಂತ. ಆಸೆಯಾಗುವ ಮಾತೇ. ಆದರೆ ತನ್ನ ಕಾರ್ಖಾನೆಗೆ ಬೇಕಾದ ಕೆಲಸಗಾರರನ್ನೇ ತಯಾರು ಮಾಡಿಕೊಂಡರೆ ಅದು ಕಂಪನಿಯ ಮಾಮೂಲಿ ವ್ಯವಹಾರ ಅಂತ ಆಡಿಟರ್ ಆಕ್ಷೇಪ ಎತ್ತಬಹುದು. ಅದನ್ನು ನಿಮ್ಮ ಬೇರೆ ಖರ್ಚಿನಲ್ಲಿ ಮಾಡೋಣ ಸಾರ್, ಇದಕ್ಕೆ ಸೇರಿಸುವುದು ಬೇಡ ಅಂತ ನೇರವಾಗಿ ಹೇಳಿದೆವು. ಒಪ್ಪಿದರು.

ಆಡಳಿತ ಮಂಡಳಿಯ ಜನವರಿಯ ಸಭೆಯಲ್ಲಿ ಮೊದಲ ಭಾಗಕ್ಕೆ ಒಪ್ಪಿಗೆ ಸಿಕ್ಕಿತು. ಮುಗಿಸಿದ ಮೇಲೆ ನಾವು ಕಳಿಸಿದ ವರದಿಯಲ್ಲಿ ಫೋಟೋ ಕಡಿಮೆ. ಪ್ರತಿ ಹುಡುಗ ಕೊನೆಯ ದಿನ ಎಷ್ಟು ಕೊನೆ ಇಳಿಸಿದ, ಅದರಲ್ಲಿ ಎಷ್ಟು ಬಲೆಗೆ ಸರಿಯಾಗಿ ಬಿತ್ತು, ಎಷ್ಟು ನೆಲಕ್ಕೆ ಬಿದ್ದು ಕಾಯಿ ಚೆಲ್ಲಿತು ಅಂತ ಒಂದು ಪಟ್ಟಿ, ಅದರ ಕೆಳಗೆ ತೋಟದ ಯಜಮಾನರ ಸಹಿ. ಹಣ ಒಪ್ಪಿದ ಕೆಲಸಕ್ಕೇ ಬಳಕೆಯಾಗಿದೆ ಅಂತ ಕಂಪನಿಯ ಹಣಕಾಸಿನ ಮುಖ್ಯಸ್ಥರು ದೃಢೀಕರಿಸಬೇಕಾಗುತ್ತದೆ, ಅವರ ಕೈಗೆ ಬಿಲ್ ಮತ್ತು ಈ ಪಟ್ಟಿ ಎರಡೂ ಮಾರ್ಚ್ 25ರೊಳಗೆ ಸೇರಿದ್ದವು. ಏಪ್ರಿಲ್‌ನಲ್ಲಿ ಮದ್ದಿನ ತರಬೇತಿಯ ಮೇಲ್ ಕಳಿಸುವಾಗ ಅದೇ ಪಟ್ಟಿಯನ್ನು ಮೊದಲ ಪುಟವಾಗಿ ಇಟ್ಟೆವು.