ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೈಟ್ ಶಿಫ್ಟ್ ಬದಲಿಸಿಕೊಂಡ ಬಗೆ

ಮೂರು ಪಾಳಿಯ ಕಾರ್ಖಾನೆಯಲ್ಲಿ 'ಮಗಳ ಪರೀಕ್ಷೆ ಇದೆ, ಡೇ ಶಿಫ್ಟ್ ಕೊಡಿ' ಎಂದಷ್ಟೇ ಕೇಳಿದರೆ 'ಆಗದು' ಎನ್ನುವುದು ಇನ್‌ಚಾರ್ಜ್‌ಗೆ ಸುಲಭ. ಯಾವ ರಾತ್ರಿ, ಯಾರ ಜೊತೆ ಅದಲುಬದಲು, ಆ ಪಾಳಿಯನ್ನು ಯಾವಾಗ ತೀರಿಸುತ್ತೇನೆ ಎಂದು ಬರೆದುಕೊಂಡು ಹೋದರೆ ಇನ್‌ಚಾರ್ಜ್‌ಗೆ ಸಹಿ ಹಾಕುವುದಷ್ಟೇ ಉಳಿಯುತ್ತದೆ. ಹಾಗಾಗಿ ನಾನು ಮೊದಲು ಪರೀಕ್ಷೆಯ ವೇಳಾಪಟ್ಟಿಯನ್ನೂ ನಮ್ಮ ಪಾಳಿ ಚಾರ್ಟನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡೆ.

2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮಾರ್ಚ್ 21ರ ಶುಕ್ರವಾರ ಶುರುವಾಗಿ ಏಪ್ರಿಲ್ 4ಕ್ಕೆ ಮುಗಿಯಿತು. ನಮ್ಮಲ್ಲಿ ಎ ಶಿಫ್ಟ್ ಬೆಳಿಗ್ಗೆ 6ರಿಂದ 2, ಬಿ ಶಿಫ್ಟ್ 2ರಿಂದ ರಾತ್ರಿ 10, ಸಿ ಶಿಫ್ಟ್ 10ರಿಂದ ಬೆಳಿಗ್ಗೆ 6. ಭಾನುವಾರ ವಾರದ ರಜೆ, ಸೋಮವಾರ ಪಾಳಿ ತಿರುಗುತ್ತದೆ: ಸಿ ಆದಮೇಲೆ ಬಿ, ಆಮೇಲೆ ಎ. ನನಗೆ ಮಾರ್ಚ್ 17ರ ವಾರ ಸಿ, 24ರ ವಾರ ಬಿ, 31ರ ವಾರ ಎ. ಎರಡು ವಾರದ ತೊಂದರೆಯಂತೆ ಕಂಡದ್ದು ಲೆಕ್ಕ ಹಾಕಿದಾಗ ಒಂದೇ ವಾರಕ್ಕೆ ಇಳಿಯಿತು. ಕೇಳುವುದು ಕಡಿಮೆಯಾದಷ್ಟೂ ಸಿಗುವುದು ಸುಲಭ.

ಇಲ್ಲಿ ಬಹಳ ಜನ ತಾರೀಖಿನಲ್ಲಿ ಎಡವುತ್ತಾರೆ. ಶುಕ್ರವಾರ 21ರ ಪತ್ರಿಕೆಗೆ ಅಡ್ಡಿಯಾಗುವುದು ಗುರುವಾರ ರಾತ್ರಿ 10ಕ್ಕೆ ಶುರುವಾಗುವ ಪಾಳಿ. ಹಾಜರಿಯಲ್ಲಿ ಅದು 20ನೇ ತಾರೀಖಿನದು. ಅರ್ಜಿಯಲ್ಲಿ '21ರ ನೈಟ್' ಎಂದು ಬರೆದರೆ ಶುಕ್ರವಾರ ರಾತ್ರಿ ಬಿಡುವು ಸಿಗುತ್ತದೆ, ಗುರುವಾರ ರಾತ್ರಿ ಡ್ಯೂಟಿ ಹಾಗೇ ಉಳಿಯುತ್ತದೆ. ಆದ್ದರಿಂದ '20ರ ಗುರುವಾರ ರಾತ್ರಿ 10ರಿಂದ 21ರ ಶುಕ್ರವಾರ ಬೆಳಿಗ್ಗೆ 6' ಎಂದು ಎರಡೂ ತಾರೀಖು, ಎರಡೂ ವಾರದ ಹೆಸರು ಬರೆಯಬೇಕು.

ಯಾವ ಶಿಫ್ಟ್ ಕೇಳಬೇಕು ಎಂಬುದೂ ಯೋಚಿಸುವ ವಿಷಯವೇ. ಪತ್ರಿಕೆ ಬೆಳಿಗ್ಗೆ 10ಕ್ಕೆ. ಎ ಶಿಫ್ಟ್ ಹಿಡಿದರೆ 5ಕ್ಕೇ ಮನೆ ಬಿಡಬೇಕು, ಮಗುವನ್ನು ಕೇಂದ್ರಕ್ಕೆ ಬಿಡಲು ಆಗದು. ಆದರೆ ಮಧ್ಯಾಹ್ನ 3ರ ಹೊತ್ತಿಗೆ ಮನೆಯಲ್ಲಿರುತ್ತೇವೆ, ಸಂಜೆಯ ಓದಿಗೆ ಜೊತೆಗೆ ಕೂರಬಹುದು, ರಾತ್ರಿ ಮನೆಯಲ್ಲೇ ಮಲಗಬಹುದು. ಬಿ ಶಿಫ್ಟ್ ಆದರೆ ಕೇಂದ್ರಕ್ಕೆ ಬಿಡಬಹುದು. ಕರೆತರಲು ಮಾತ್ರ ಆಗದು, ಏಕೆಂದರೆ ಪತ್ರಿಕೆ ಬಿಡುವುದು 1:15ಕ್ಕೆ. ಹಿಂದಿನ ಸಂಜೆಯಂತೂ ಪೂರ್ತಿ ಹೋಗುತ್ತದೆ. ಬಿಟ್ಟುಬರಲು ಮನೆಯಲ್ಲಿ ಬೇರೆಯವರಿದ್ದರೆ ಎ ಶಿಫ್ಟೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಅದಲುಬದಲಿಗೆ ಒಪ್ಪುವವರು ಅದೇ ಮಷಿನ್ ನಡೆಸಬಲ್ಲವರಾಗಿರಬೇಕು. ಇಲ್ಲದಿದ್ದರೆ ಇನ್‌ಚಾರ್ಜ್ ಸಹಿ ಹಾಕುವುದಿಲ್ಲ, ಹಾಕಬಾರದು ಕೂಡ. ಅವರ ಚಾರ್ಟನ್ನೂ ನೋಡಬೇಕು. 17ರ ವಾರ ಎ ಇದ್ದವರಿಗೆ 24ರ ವಾರ ಸಿ ಬರುತ್ತದೆ. ನನ್ನ ಸಿ ತೆಗೆದುಕೊಂಡರೆ ಅವರಿಗೆ ಸತತ ಎರಡು ವಾರ ನೈಟ್. ಇದು ಸಣ್ಣ ಉಪಕಾರವಲ್ಲ, ಮುಚ್ಚಿಡದೆ ಮೊದಲೇ ಹೇಳಬೇಕು. ತೀರಿಸಲು ಏಪ್ರಿಲ್ 14ರ ವಾರ ಸರಿಹೊಂದಿತು. ಆಗ ಅವರಿಗೆ ಮತ್ತೆ ಸಿ, ನನಗೆ ಬಿ. ಅವರ ಸಿ ನಾನು ಮಾಡಿದರೆ 7 ಮತ್ತು 14ರ ವಾರ ಸೇರಿ ನನಗೂ ಎರಡು ವಾರ ನೈಟ್ ಆಗುತ್ತದೆ, ಲೆಕ್ಕ ಸಮ. ನೈಟ್ ಅಲೋಯನ್ಸ್ ಇರುವಲ್ಲಿ ಆ ವಾರದ ಹಣ ನೈಟ್ ಮಾಡಿದವರಿಗೇ ಹೋಗುತ್ತದೆ, ಅದನ್ನೂ ಮಾತಾಡಿಕೊಳ್ಳಬೇಕು.

ಅರ್ಜಿ ನಾಲ್ಕೇ ಸಾಲು:

'ಮಾರ್ಚ್ 17ರ ಸೋಮವಾರ ರಾತ್ರಿಯಿಂದ 23ರ ಭಾನುವಾರ ಬೆಳಿಗ್ಗೆ 6ರವರೆಗಿನ ನನ್ನ ಸಿ ಶಿಫ್ಟನ್ನು ಇದೇ ಲೈನಿನ ಆಪರೇಟರ್ ಮಾಡಲು ಒಪ್ಪಿದ್ದಾರೆ. ಅವರ ಎ ಶಿಫ್ಟನ್ನು ನಾನು ಮಾಡುತ್ತೇನೆ. ಏಪ್ರಿಲ್ 14ರ ವಾರ ಅವರ ಸಿ ಶಿಫ್ಟ್ ನಾನು, ನನ್ನ ಬಿ ಶಿಫ್ಟ್ ಅವರು. ಕಾರಣ: ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ, ವೇಳಾಪಟ್ಟಿ ಲಗತ್ತಿಸಿದೆ.'

ಕೆಳಗೆ ಇಬ್ಬರ ಹೆಸರು, ಟೋಕನ್ ನಂಬರ್, ಸಹಿ. ಹಾಲ್ ಟಿಕೆಟ್‌ಗೆ ಕಾಯಬಾರದು, ಅದು ಬರುವಷ್ಟರಲ್ಲಿ ಮಾರ್ಚ್ ಚಾರ್ಟ್ ಗೋಡೆಗೆ ಹತ್ತಿರುತ್ತದೆ. ಫೆಬ್ರವರಿ ಎರಡನೇ ವಾರ ಕೊಡುವುದು ಸರಿಯಾದ ಹೊತ್ತು. ನೈಟ್ ಇನ್‌ಚಾರ್ಜ್ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಚಾರ್ಟ್ ಬರೆಯುವವರು ಹಗಲಿನವರು. ಅವರ ಸಹಿಯಾದ ಪ್ರತಿಯ ಫೋಟೋ ನಮ್ಮ ಬಳಿ ಇರಲಿ.

ಮಾರ್ಚ್ ಆರ್ಥಿಕ ವರ್ಷದ ಕೊನೆ, ಡಿಸ್ಪ್ಯಾಚ್ ಒತ್ತಡ ಹೆಚ್ಚು. ಇಡೀ ವಾರ ಆಗದು ಎಂದರೆ 20ರ ರಾತ್ರಿಗೊಂದು ರಜೆ ಕೇಳಬಹುದು. ಗಳಿಕೆ ರಜೆಗೆ 15 ದಿನ ಮುಂಚೆ ಅರ್ಜಿ ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು, ಹಲವು ಕಡೆ ಅದೇ ರೂಢಿ. ಆದ್ದರಿಂದ ಈ ಎರಡನೇ ದಾರಿಯನ್ನೂ ಮಾರ್ಚ್ 5ರೊಳಗೆ ಹಿಡಿಯಬೇಕು.

ಸಹಿಯಾದ ಮೇಲೂ ಎರಡು ಕಡೆ ಹೋಗಬೇಕು. ಟೈಮ್ ಆಫೀಸಿನಲ್ಲಿ ಪಂಚಿಂಗ್ ಶಿಫ್ಟ್ ಬದಲಿಸದಿದ್ದರೆ ಬೆಳಿಗ್ಗೆ 6ಕ್ಕೆ ಪಂಚ್ ಮಾಡಿದರೂ ರಾತ್ರಿ ಗೈರು ಎಂದು ಬೀಳುತ್ತದೆ, ಸಂಬಳದ ಚೀಟಿ ಬರುವವರೆಗೆ ಗೊತ್ತೇ ಆಗುವುದಿಲ್ಲ. ಕಂಪನಿ ಬಸ್ ಇದ್ದರೆ ಟ್ರಾನ್ಸ್‌ಪೋರ್ಟ್‌ನವರ ಪಟ್ಟಿಯಲ್ಲಿ ಇಬ್ಬರ ಹೆಸರೂ ಬದಲಾಗಬೇಕು, ಇಲ್ಲದಿದ್ದರೆ ಬೆಳಗಿನ ಬಸ್ ನಮ್ಮ ಸ್ಟಾಪಿನಲ್ಲಿ ನಿಲ್ಲುವುದಿಲ್ಲ.